ಸೈಡ್ ವೀಲು ಬಿಚ್ಚಿದ ದಿನದ ಫೋಟೋ ಕೆಳಗೆ ಏನ್ ಬರೀಬೇಕು?

ಸೈಡ್ ವೀಲಿಲ್ಲದೆ ಮೊದ್ಲನೇ ಸಲ ಸೈಕಲ್ ತುಳಿದ ಮಗುವಿನ ಫೋಟೋನ ನಮ್ಮ ನೆಂಟರಲ್ಲಿ ಯಾರೇ ಹಾಕಲಿ, ಅದರ ಕೆಳಗಿನ ಸಾಲು ಹೆಚ್ಚುಕಮ್ಮಿ ಒಂದೇ ಥರ ಇರ್ತದೆ. "ಅಪ್ಪ ಕೈ ಬಿಟ್ಟ, ಮಗಳು ಹೊರಟೇಬಿಟ್ಟಳು." ಇಲ್ಲಾಂದ್ರೆ "ಬೆನ್ನಿಗೆ ಅಪ್ಪ ಇರುವಾಗ ಭಯವೇಕೆ." ಓದಕ್ಕೆ ಚೆಂದಾಗೈತೆ. ಆದ್ರೆ ಅಕ್ಕಂದಿರಾ, ನಾನೂ ಒಬ್ಬ ಅಪ್ಪ, ನಂದೊಂದು ತಕರಾರೈತೆ. ಆ ಸಾಲು ಓದಿದ್ರೆ ಸೈಕಲ್ ಓಡಿಸಿದ್ದು ಮಗು ಅಲ್ಲ, ಅಪ್ಪನ ಕೈ ಅನ್ನಂಗಿರ್ತದೆ. ನಿಜ ಹೇಳ್ಬೇಕಂದ್ರೆ ಸೀಟು ಹಿಡ್ಕೊಂಡು ಹಿಂದಿಂದೆ ಓಡೋ ಆ ಕೈಯಿಂದ ಕಲಿಯೋದು ತಡ ಆಗ್ತದೆ.

ಯಾಕೆ ಅಂತೀರಾ? ಎರಡು ಚಕ್ರದ ಗಾಡಿ ಯಾವಾಗ್ಲೂ ಒಂದಲ್ಲ ಒಂದು ಕಡೆಗೆ ಬೀಳ್ತಾನೇ ಇರ್ತದೆ. ಎಡಕ್ಕೆ ವಾಲಿದಾಗ ಹ್ಯಾಂಡ್ಲನ್ನ ಎಡಕ್ಕೇ ಒಂಚೂರು ತಿರುಗಿಸಿದ್ರೆ, ಚಕ್ರ ಬಂದು ಮೈಭಾರದ ಅಡಿಗೆ ಸೇರ್ಕೊತದೆ, ಗಾಡಿ ಮತ್ತೆ ಎದ್ದು ನಿಲ್ತದೆ. ಬಲಕ್ಕೆ ವಾಲಿದ್ರೆ ಬಲಕ್ಕೆ. ಬ್ಯಾಲೆನ್ಸ್ ಅಂದ್ರೆ ಇಷ್ಟೇ: ಬೀಳೋ ಕಡೆಗೇ ತಿರುಗಿಸಾದು. ಸೈಡ್ ವೀಲು ಇದ್ರೆ ಸೈಕಲ್ ವಾಲೋದೇ ಇಲ್ಲ, ಹಂಗಾಗಿ ಕಲಿಯಕ್ಕೂ ಏನೂ ಇಲ್ಲ. ಅಪ್ಪ ಸೀಟು ಹಿಡಿದ್ರೂ ಅದೇ ಕತೆ. ಮಗು ಎಡಕ್ಕೆ ವಾಲಿದ ಕೂಡ್ಲೇ ಅವನ ಕೈ ಎತ್ತಿ ನೆಟ್ಟಗೆ ಮಾಡ್ತದೆ, ಮಗುವಿನ ಕೈಗೆ ಕೆಲ್ಸಾನೇ ಬರಲ್ಲ. ಹ್ಯಾಂಡ್ಲನ್ನೇ ಹಿಡಿಯೋರಂತೂ ಇನ್ನೂ ಮೋಸ, ಆ ಹುಡುಗಿ ತಿರುಗಿಸ್ಬೇಕಾದ್ದನ್ನ ಇವರು ಗಟ್ಟಿಯಾಗಿ ಹಿಡ್ದುಬಿಡ್ತಾರೆ.

ನಮ್ಮ ಮಗಳಿಗೆ ಈಗ ಆರು ವರ್ಷ. ಹೋದ ವರ್ಷ ತಿಪಟೂರಲ್ಲಿ ತಂದ 16 ಇಂಚಿನ ಸೈಕಲ್ಲು, ಸೈಡ್ ವೀಲು ಸಮೇತ. ಅಂಗಳದಲ್ಲಿ ತಿರುಗಿಸುವಾಗ ನೋಡ್ಬೇಕಿತ್ತು ಅವ್ಳನ್ನ. ಸೈಕಲ್ಲು ಎಡಕ್ಕೆ ತಿರುಗಿದ್ರೆ ಇವಳ ಮೈ ಬಲಕ್ಕೆ ಆತುಕೊಳ್ಳೋದು, ಒಂದು ಸೈಡ್ ವೀಲು ನೆಲ ಉಜ್ಜೋದು, ಇನ್ನೊಂದು ಗಾಳೀಲಿ ಸುತ್ತೋದು. ಮೂರು ಚಕ್ರದ ಗಾಡಿ ನಡೆಸೋ ರೀತಿ ಅದು. ಎರಡು ಚಕ್ರಕ್ಕೆ ತದ್ವಿರುದ್ಧ.

"ಇವ್ಳು ಹಿಂಗೇ ಇದ್ರೆ ತಪ್ಪೇ ಕಲೀತಾಳೆ" ಅಂದಿದ್ದು ನನ್ನ ಹೆಂಡ್ತಿ. ಅವಳ ಮಾತಿಗೆ ತೂಕ ಐತೆ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಕ್ಕೆ ಶುರು ಮಾಡ್ತಲ್ಲ, ಅದಾದ ಮುಂದಿನ ವರ್ಷ ಸೈಕಲ್ ಸಿಕ್ಕ ಹುಡುಗಿ ಅವ್ಳು. ಹಿಡ್ಕೊಳ್ಳೋರು ಯಾರೂ ಇರ್ಲಿಲ್ಲ. ನಡ್ಕೊಂಡು ಹೋಗ್ತಾ ಒಂದು ಕಾಲು ಪೆಡ್ಲ ಮೇಲೆ, ಒಂದು ಕಾಲು ನೆಲ ಒದೀತಾ ಕಲ್ತು, ಹೈಸ್ಕೂಲು ಮುಗಿಯೋವರ್ಗೂ ಅದರಲ್ಲೇ ಓಡಾಡಿದ್ಲು. ನಮ್ಮ ಕಾಲದ ಗಂಡುಡುಗ್ರು ದೊಡ್ಡವರ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡ್ದಿದ್ದೂ ಅಂಗೇ. ನೆಲಕ್ಕೆ ಕಾಲು ಎಟಕ್ತಾ ಇತ್ತು, ಹಂಗಾಗಿ ಧೈರ್ಯ ಇತ್ತು.

ಹೆಂಡ್ತಿ ಸೈಡ್ ವೀಲಿನ ಜೊತೆ ಪೆಡ್ಲನ್ನೂ ಬಿಚ್ಚಿಸಿದ್ಲು. ನನಗೆ ಸಿಕ್ಕಿದ್ದು ಸ್ಪ್ಯಾನರ್ ಕೆಲ್ಸ. ಪೆಡ್ಲಿಗೆ 15ರ ಸ್ಪ್ಯಾನರ್ ಬೇಕು. ಎಡಗಡೆ ಪೆಡ್ಲಿನ ಮರೆ ಉಲ್ಟಾ ಇರ್ತದೆ, ಅದು ಗೊತ್ತಿಲ್ದೆ ಬಲ ಹಾಕಿದ್ರೆ ಇನ್ನೂ ಬಿಗಿ ಆಗ್ತದೆ. ಸುಲಭ ಲೆಕ್ಕ ಏನಂದ್ರೆ, ಸ್ಪ್ಯಾನರಿನ ಹಿಡಿ ಮೇಲೆ ಬರಂಗೆ ಸಿಕ್ಕಿಸಿ ಹಿಂದಿನ ಚಕ್ರದ ಕಡೆಗೆ ಎಳೀರಿ, ಎರಡು ಪೆಡ್ಲೂ ಬಿಚ್ಕೊತವೆ. ಆಮೇಲೆ ಸೀಟನ್ನ ಎರಡು ಪಾದಾನೂ ಪೂರ್ತಿ ನೆಲ ಮುಟ್ಟೋವಷ್ಟು ಇಳಿಸಿದ್ವಿ. ಬ್ರೇಕ್ ಹಿಡಿ ಅವಳ ಬೆರಳಿಗೆ ಎಟುಕ್ತದಾ ಅಂತ ನೋಡಿ, ಹತ್ರಕ್ಕೆ ಸರಿಸಿದ್ವಿ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಮೊದಲ ಎರಡು ಚಕ್ರದ ಗಾಡಿಗೂ ಪೆಡ್ಲು ಇರ್ಲಿಲ್ಲ, ಕಾಲಲ್ಲಿ ಒದ್ಕೊಂಡೇ ಹೋಗಾದು.

ಜಾಗದ ಬಗ್ಗೆ ಒಂದು ಮಾತು. ತೋಟದಲ್ಲಿ ನೆರಳೈತೆ ಅಂತ ಅಲ್ಲಿಗೆ ಕರ್ಕೊಂಡು ಹೋಗ್ಬ್ಯಾಡಿ. ಒಣಗಿದ ಗರೀನೋ ಕಾಯೀನೋ ಯಾವಾಗ ಬೀಳ್ತದೋ ಗೊತ್ತಿಲ್ಲ, ನೆಲದಲ್ಲಿ ಪಾತಿ, ಡ್ರಿಪ್ ಪೈಪು ಬೇರೆ. ಕಾಯಿ ಸುಲಿಯೋ ಜಾಗದಲ್ಲಿ ಮಟ್ಟೆ ರಾಶಿ. ನಾವು ಹೋಗಿದ್ದು ಊರಿನ ಸ್ಕೂಲಿನ ಬಯಲಿಗೆ, ಒಂದು ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರೈತೆ. ತಲೆಗೆ ಹೆಲ್ಮೆಟ್ಟು, ಕಾಲಿಗೆ ಶೂ.

ಮೊದಲ ದಿನ ಸಂಜೆ ಬರೀ ಕಾಲಲ್ಲಿ ಒದ್ದು ನಡೆದ್ಲು, ಕಣ್ಣು ಮುಂದಿನ ಚಕ್ರದ ಮೇಲೇ. ಎರಡನೇ ದಿನ "ಚಕ್ರ ನೋಡ್ಬ್ಯಾಡ ಕಣವ್ವ, ಆ ಹುಣಸೆಮರ ನೋಡು" ಅಂತ ಅವಳಮ್ಮ ಹೇಳ್ತಾನೇ ಇದ್ಲು. ಒದೆಯೋದು ಉದ್ದ ಆಯ್ತು, ಎರಡು ಕಾಲೂ ಎತ್ತಿ ಜಾರೋದು ಬಂತು. ಕಾಲೆತ್ತಿ ಬಾಯಲ್ಲಿ ಐದು ಎಣಿಸೋವರ್ಗೂ ಸೈಕಲ್ ನೆಟ್ಟಗೆ ಹೋದ್ರೆ ಪೆಡ್ಲು ಹಾಕ್ಬೋದು ಅಂತ ನನ್ನ ಹೆಂಡ್ತಿ ಲೆಕ್ಕ. ಆ ಲೆಕ್ಕ ತುಂಬಕ್ಕೆ ಮೂರನೇ ಸಂಜೆ ಆಯ್ತು. ಕೆಲವು ಮಕ್ಕಳಿಗೆ ವಾರ ಬೇಕಾಗ್ಬೋದು, ಅದಕ್ಕೇನೂ ಗಾಬರಿ ಬೇಡ.

ಪೆಡ್ಲು ಹಾಕಿದ್ಮೇಲೆ ಬಲಗಡೆದನ್ನ ಗಡಿಯಾರದಲ್ಲಿ ಎರಡು ಗಂಟೆ ತೋರಿಸೋ ಮುಳ್ಳಿನಷ್ಟು ಮೇಲಿಟ್ಕೊಂಡು ಜೋರಾಗಿ ಒಂದು ತುಳಿ. ಹೊರಟಾಗ ವೇಗ ಕಮ್ಮಿ ಇದ್ರೆ ತೂಗಾಡೋದು ಜಾಸ್ತಿ. ಅಪ್ಪಂದಿರು "ನಿಧಾನ, ನಿಧಾನ" ಅಂತ ಕೂಗೋದು ಅಲ್ಲೇ ಕೆಡಿಸ್ತದೆ.

ನಾನು ಹುಣಸೆಮರದ ಕೆಳಗೆ ನಿಂತು ಎದುರಿಂದ ನೋಡ್ತಾ ಇದ್ದೆ. ಎದುರಿಂದ ನೋಡಿದ್ರೇನೇ ಅದು ಕಾಣಾದು. ಮೊದ್ಲು ಹ್ಯಾಂಡ್ಲು ಆ ಕಡೆ ಈ ಕಡೆ ದೊಡ್ಡದಾಗಿ ಹೊಡ್ಕೊತು. ಎಡಕ್ಕೆ ಬಿದ್ಲು ಅಂದ್ಕೊಂಡೆ, ಹ್ಯಾಂಡ್ಲು ಎಡಕ್ಕೇ ಹೋಯ್ತು, ಸೈಕಲ್ ಎದ್ದು ನಿಲ್ತು. ಆಮೇಲೆ ಆ ತೂಗಾಟ ಸಣ್ಣದಾಗ್ತಾ ಆಗ್ತಾ ಬರೀ ನಡುಕದಷ್ಟಾಯ್ತು. ನನ್ನ ಹತ್ರ ಬಂದು ಬ್ರೇಕ್ ಹಿಡಿದು ಕಾಲೂರಿ, "ಅಪ್ಪ, ಹ್ಯಾಂಡ್ಲು ಅದೇ ತಿರುಗ್ತು" ಅಂದ್ಲು. ಸುಳ್ಳಲ್ಲ, ಓಡೋ ಸೈಕಲ್ಲು ವಾಲಿದ ಕಡೆಗೆ ಮುಂದಿನ ಚಕ್ರಾನ ತಾನೂ ಒಂದಿಷ್ಟು ತಿರುಗಿಸ್ಕೊತದೆ. ಮಗುವಿನ ಕೈ ಅದಕ್ಕೆ ಅಡ್ಡಿ ಮಾಡ್ದಂಗೆ ಸಡಿಲ ಇರ್ಬೇಕು. ಭಯದಲ್ಲಿ ಬಿಗಿ ಹಿಡಿದ್ರೆ ಕೆಡ್ತದೆ. ಗೆಣ್ಣು ಬೆಳ್ಳಗಾಗಿದ್ರೆ ಬಿಗಿ ಹಿಡಿದವ್ಳೆ ಅಂತ ತಿಳೀರಿ.

ಇಷ್ಟೆಲ್ಲ ನೋಡಿದೋನು ಫೋಟೋ ಕೆಳಗೆ "ಅಪ್ಪ ಕೈ ಬಿಟ್ಟ" ಅಂತ ಹೆಂಗೆ ಬರೀಲಿ? ಹಿಡಿದೇ ಇರ್ಲಿಲ್ಲವಲ್ಲ. "ನನ್ನ ರಾಣಿ ಗೆದ್ದಳು" ಅನ್ನೋದೂ ಬ್ಯಾಡ ಅನ್ನಿಸ್ತು, ಅದನ್ನ ಹುಟ್ಟಿದಬ್ಬದ ಫೋಟೋಗೂ ಹಾಕ್ಬೋದು. ಫೋಟೋದಲ್ಲಿ ಕಾಣದ್ದನ್ನ ಬರೀಬೇಕು: ಎಲ್ಲಿಂದ ಎಲ್ಲಿಗೆ, ಎಷ್ಟು ದೂರ, ಕಲಿಸಿದ್ದು ಯಾರು, ಮಗು ಏನಂದ್ಲು. ಊರು, ಸ್ಕೂಲಿನ ಹೆಸರು ಮಾತ್ರ ಬಿಡಿ, ಫೋಟೋ ಎಲ್ಲೆಲ್ಲಿಗೋ ಹೋಗ್ತದೆ. ನಾನು ಬರೆದಿದ್ದು ಇದು:

"ಮೂರನೇ ಸಂಜೆ. ಬಾವಿಕಟ್ಟೆಯಿಂದ ಹುಣಸೆಮರಕ್ಕೆ, ನನ್ನ ಹೆಜ್ಜೇಲಿ 38. ಬೀಳೋ ಕಡೆಗೇ ತಿರುಗಿಸಿ ಬೀಳ್ದೇ ಬಂದ್ಲು. ಕಲಿಸಿದ್ದು ಅವರಮ್ಮ. 'ಹ್ಯಾಂಡ್ಲು ಅದೇ ತಿರುಗ್ತು' ಅಂತಾಳೆ. ಅಪ್ಪ ನಿಂತು ನೋಡಿದ."

ನಮ್ಮತ್ತಿಗೆ ಓದಿ, "ಇದೇನ್ ಮೈದಾ, ಪೊಲೀಸ್ ಕಂಪ್ಲೇಂಟ್ ಬರ್ದಂಗೈತೆ" ಅಂದ್ರು. ಇರ್ಲಿ. ಇನ್ನು ಹದಿನೈದು ವರ್ಷ ಆದ್ಮೇಲೆ ಮಗಳು ಅದನ್ನ ಓದಿದ್ರೆ ಏನಾಯ್ತು ಅಂತ ಅವಳಿಗೆ ಗೊತ್ತಾಗ್ತದೆ. ಪಕ್ಕದ ಮನೆ ಚಿಕ್ಕಮ್ಮ ಅವರ ಮೊಮ್ಮಗನಿಗೆ ಆ ಸೈಡ್ ವೀಲು ಕೇಳಕ್ಕೆ ಬಂದಿದ್ರು. ನನ್ನ ಹೆಂಡ್ತಿ ಅವರ ಕೈಗೆ 15ರ ಸ್ಪ್ಯಾನರ್ ಕೊಟ್ಟು ಕಳಿಸಿದ್ಲು.