ಹೊಸಬರಿಗೆ ಹಳೆಯ ಮಾತು ಕಾಣುವುದೇ?

ಮಮದಾಪುರದಲ್ಲಿ ಹತ್ತನೆಯ ತರಗತಿಯ ಪಾಲಕರದೊಂದು ಟೆಲಿಗ್ರಾಂ ಗುಂಪು ಇದೆಯೆಂದು ಭಾವಿಸಿ. ಜೂನಿನಲ್ಲಿ ಆರಂಭವಾದ ಈ ಗುಂಪಿನಲ್ಲಿ 42 ಮಂದಿ ಇದ್ದಾರೆ. ಗಣಿತದ ಟಿಪ್ಪಣಿಗಳ ಜೊತೆಗೆ ಯಾರ ಮಗನಿಗೆ ಎಷ್ಟು ಅಂಕ ಬಂತು, ಯಾರ ಫೀ ಬಾಕಿ ಎಂಬುದೂ ಅದರಲ್ಲಿದೆ. ನವೆಂಬರದಲ್ಲಿ ಹುಕ್ಕೇರಿಯಿಂದ ಬಂದ ಹುಡುಗಿಯ ತಾಯಿಯನ್ನು ಸೇರಿಸಿಕೊಂಡರು. ಮರುದಿನ ಆಕೆಯ ಪ್ರಶ್ನೆ: "ಗುರುಗಳೇ, ಜೂನಿಂದ ಹಾಕಿದ ಟಿಪ್ಪಣಿ ನಮಗ್ಯಾಕ ಕಾಣವಲ್ದು?"

ವಾಟ್ಸಾಪ್ ಆಗಿದ್ದರೆ ಉತ್ತರ ಸರಳ. ಅಲ್ಲಿ ಸಂದೇಶವೆಂಬುದು ತರಗತಿಯಲ್ಲಿ ಹಂಚಿದ ಚೀಟಿಯಂತೆ. ಕಳಿಸಿದ ಗಳಿಗೆಯಲ್ಲಿ ಗುಂಪಿನಲ್ಲಿದ್ದವರ ಫೋನುಗಳು ಮಾತ್ರ ತೆರೆಯಬಲ್ಲ ಬೀಗ ಹಾಕಿಯೇ ಅದು ಹೊರಡುತ್ತದೆ. ನಂತರ ಬಂದವರಿಗೆ ಹಿಂದಿನದು ತಾನಾಗಿ ಸಿಗದು. ಒಳಗಿದ್ದವರು ಯಾರಾದರೂ ತಮ್ಮ ಪ್ರತಿಯಿಂದ ಕಳಿಸಿಕೊಡಬೇಕು. ಟೆಲಿಗ್ರಾಂ ಗುಂಪು ಶಾಲೆಯ ಸೂಚನಾ ಫಲಕದಂತೆ. ಅಂಟಿಸಿದ್ದೆಲ್ಲ ಕಂಪನಿಯ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಹೊಸಬರಿಗೆ ಅದನ್ನು ತೋರಿಸಬೇಕೋ ಬೇಡವೋ ಎಂಬುದಷ್ಟೇ ಪ್ರಶ್ನೆ, ಮತ್ತು ಅದನ್ನು ನಿರ್ಧರಿಸುವವರು ಗುಂಪಿನ ಅಡ್ಮಿನ್.

ಗುಂಪಿನ ಹೆಸರನ್ನು ಒತ್ತಿ, ಪೆನ್ಸಿಲ್ ಗುರುತಿಗೆ ಹೋದರೆ Chat History ಎಂಬ ಸಾಲು ಕಾಣುತ್ತದೆ. ಅದರೊಳಗೆ Visible, Hidden ಎಂಬ ಎರಡು ಆಯ್ಕೆಗಳು. ಮೊದಲನೆಯದನ್ನು ಒತ್ತಿದರೆ ಹೊಸಬರು ಜೂನಿನ ಮೊದಲ ಸಂದೇಶದವರೆಗೂ ಮೇಲಕ್ಕೆ ಸರಿಸಿ ಓದಬಹುದು. ಗುಂಪು ಸಾರ್ವಜನಿಕವಾಗಿದ್ದರೆ ಈ ಆಯ್ಕೆಯೇ ಇರದು. ಹಳೆಯದೆಲ್ಲ ಎಲ್ಲರಿಗೂ ತೆರೆದಿರುತ್ತದೆ.

ಜನ ಎಡವುವುದು Hidden ಎಂಬಲ್ಲಿ. ಹೆಸರು ಕೇಳಿದರೆ ಎಲ್ಲವೂ ಮುಚ್ಚಿದಂತೆ ತೋರುತ್ತದೆ. ಆದರೆ ಸಣ್ಣ ಸಾಧಾರಣ ಗುಂಪಿನಲ್ಲಿ ಹಿಂದಿನ 100 ಸಂದೇಶಗಳವರೆಗೆ ಹೊಸಬರಿಗೆ ಕಾಣಬಹುದು. ನೂರು ಎಂದರೆ ಎಷ್ಟು ದಿನ? ದಿನಕ್ಕೆ 25 ಸಂದೇಶ ಬರುವ ಗುಂಪಿನಲ್ಲಿ ನಾಲ್ಕು ದಿನ. ವಾರಕ್ಕೆ ಐದೇ ಬರುವ ಗುಂಪಿನಲ್ಲಿ 20 ವಾರ, ಅಂದರೆ ನವೆಂಬರದಿಂದ ಹೆಚ್ಚುಕಡಿಮೆ ಜುಲೈವರೆಗೆ! ಮೌನವಾದ ಗುಂಪೇ ಹೆಚ್ಚು ಬಯಲಾಗುವುದು ವಿಚಿತ್ರವಾದರೂ ಲೆಕ್ಕ ಹಾಗೆಯೇ ಇದೆ.

ನಿಮ್ಮ ಗುಂಪು ಯಾವ ಬಗೆಯದೆಂದು ತಿಳಿಯಲು ಆ ಆಯ್ಕೆಯ ಕೆಳಗಿನ ಸಣ್ಣಕ್ಷರದ ಸಾಲನ್ನು ಓದಿ. ಅಲ್ಲಿ 100 ಎಂಬ ಅಂಕಿ ಇದ್ದರೆ ಸಾಧಾರಣ ಗುಂಪು. ಒಮ್ಮೆ Visible ಮಾಡಿದರೆ ಗುಂಪು ದೊಡ್ಡ ಬಗೆಗೆ ಬದಲಾಗುತ್ತದೆ. ಆಮೇಲೆ ಮತ್ತೆ Hidden ಮಾಡಿದರೆ, ನಂತರ ಸೇರುವವರಿಗೆ ಹಿಂದಿನ ಒಂದೂ ಕಾಣದು. ಅನುಮಾನವಿದ್ದರೆ ಮನೆಯ ಇನ್ನೊಂದು ಫೋನನ್ನು ಸೇರಿಸಿ, ಮೇಲಕ್ಕೆ ಸರಿಸಿ ನೋಡಬಹುದು.

ಮಮದಾಪುರದ ಗುಂಪಿನಲ್ಲಿ ಆ ತಾಯಿಗೆ ಬೇಕಾದದ್ದು ಟಿಪ್ಪಣಿ ಮಾತ್ರ. ಅದಕ್ಕಾಗಿ ಎಲ್ಲವನ್ನೂ ತೆರೆದರೆ 41 ಮನೆಗಳ ಅಂಕ, ಬಾಕಿಗಳೂ ಅವರ ಮುಂದೆ ಬರುತ್ತವೆ. ಟಿಪ್ಪಣಿಗಳನ್ನು ಆರಿಸಿ ಮತ್ತೊಮ್ಮೆ ಕಳಿಸುವುದು ಹತ್ತು ನಿಮಿಷದ ಕೆಲಸ. ಅಂಕಪಟ್ಟಿ ಹಾಕಿದವರು ಅದನ್ನು ಎಲ್ಲರಿಗೂ ಅಳಿಸುವಂತೆ ತೆಗೆದುಹಾಕಲಿ, ಹೊಸಬರು ಬರುವ ಮೊದಲೇ. ಓದಿಯಾದ ಮೇಲೆ ಯಾವ ಗುಂಡಿ ಒತ್ತಿದರೂ ಅದು ಅವರ ನೆನಪಿನಿಂದ ಅಳಿಯದು.