ಸ್ವಾಗತದಲ್ಲೇ ಹೇಳಬೇಕಾದ ಮಾತು

ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಎಐ ಕಾರ್ಯಾಗಾರ ನಡೆಸುವ ಪ್ರಶಿಕ್ಷಣಾರ್ಥಿಗಳು ಸ್ವಾಗತ ಭಾಷಣವನ್ನು ಗಣ್ಯರ ಹೆಸರು ಹೇಳುವುದರಲ್ಲೇ ಮುಗಿಸಬಾರದು. ಫೋಟೊ ಅಪ್‌ಲೋಡ್ ಆದ ಮೇಲೆ ಎಚ್ಚರಿಸಿ ಫಲವಿಲ್ಲ. ಚಿತ್ರ ಆಗಲೇ ಕಂಪನಿಯ ಸರ್ವರ್ ಸೇರಿರುತ್ತದೆ. ಮೊಬೈಲಿನಲ್ಲಿ ಅಳಿಸಿದ ಮಾತ್ರಕ್ಕೆ ಅಲ್ಲಿ ಅಳಿಯುವುದಿಲ್ಲ. ಆದ್ದರಿಂದ ಭಾಷಣ ಹೀಗಿರಲಿ:

“ಎಲ್ಲರಿಗೂ ನಮಸ್ಕಾರ, ಸ್ವಾಗತ. ಇವತ್ತು ಒಂದೇ ಚಿತ್ರ ಹಾಕಿ ನೋಡೋಣ: ಇಲ್ಲಿರುವ ಹಳೆಯ ಪುಸ್ತಕವೊಂದರ ಪುಟ. ಆಧಾರ್, ಪಾಸ್‌ಬುಕ್, ಮಕ್ಕಳ ಮುಖ ಬೇಡ. ಪುಟದ ಮೇಲೆ ನೆರಳು ಬೀಳದಂತೆ, ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಅದರಲ್ಲಿರುವುದನ್ನು ಬರೆದುಕೊಡಲು ಕೇಳಿ. ಬಂದ ಉತ್ತರವನ್ನು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಸಾಗಲಿ.”

ಈ ಕೊನೆಯ ಮಾತನ್ನು ಬಿಡಬಾರದು. ಮಸುಕಾದ ಮುದ್ರಣದಲ್ಲಿ ೨ ಮತ್ತು ೩ ಒಂದೇ ತರಹ ಕಾಣುತ್ತವೆ. ೧೯೩೨ ಎಂಬುದು 1933 ಆಗಿ ಬರಬಹುದು. ಒತ್ತಕ್ಷರ ಸ್ಪಷ್ಟವಿಲ್ಲದಿದ್ದರೆ ಎಐ ಎಷ್ಟೋ ಸಲ ‘ತಿಳಿಯಲಿಲ್ಲ’ ಎನ್ನದೆ ಹೊಂದುವ ಬೇರೆ ಪದ ಇಟ್ಟುಬಿಡುತ್ತದೆ. ವಾಕ್ಯ ಸರಾಗವಾಗಿರುವುದರಿಂದ ಉತ್ತರವನ್ನಷ್ಟೇ ಓದಿದವರಿಗೆ ತಪ್ಪು ಕಾಣದು. ಪುಟದ ಮೇಲಿನ ಬೆರಳು ಮಾತ್ರ ಅಲ್ಲೇ ನಿಲ್ಲುತ್ತದೆ. ಅಂಥ ಒಂದು ಪದದ ಎರಡೂ ರೂಪಗಳನ್ನು ಹಲಗೆಯ ಮೇಲೆ ಬರೆದು ಚರ್ಚೆ ಆರಂಭಿಸಿ.