‘ಸಾಫ್ಟ್ ಡಯಟ್’ ಅಂತ ಬರೆದು ಕೈ ತೊಳೆದುಕೊಳ್ಳುವವರಿಗೆ

ಸಾತನೂರು ಹೋಬಳಿಯ ಒಂದು ಮನೆಗೆ ನಾವು ಹೋದದ್ದು ಬೇರೆ ಸುದ್ದಿಗೆ. ಜಗಲಿ ಮೇಲೆ ಅರವತ್ತು ದಾಟಿದ ಯಜಮಾನರು ಮಲಗಿದ್ದರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದಿತ್ತು. ದೊಡ್ಡಾಸ್ಪತ್ರೆಯಿಂದ ಮನೆಗೆ ಬಂದ ಆರನೇ ದಿನಕ್ಕೆ ಜ್ವರ, ಎದೆಯಲ್ಲಿ ಗೊರಗೊರ. ಮತ್ತೆ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ, ಶ್ವಾಸಕೋಶಕ್ಕೆ ಊಟ ಇಳಿದು ನ್ಯುಮೋನಿಯಾ ಆಗಿದೆ ಅಂದರಂತೆ.

ನಾವು ಮೊದಲ ಡಿಸ್ಚಾರ್ಜ್ ಚೀಟಿ ಕೇಳಿ ನೋಡಿದೆವು. ನಾಲ್ಕು ಪುಟ. ಸ್ಕ್ಯಾನ್ ವರದಿ, ಬಿಪಿ, ಸಕ್ಕರೆ, ಒಂಬತ್ತು ಮಾತ್ರೆ. ಊಟದ ಬಗ್ಗೆ ಇಂಗ್ಲಿಷಿನ ಎರಡೇ ಪದ: ಸಾಫ್ಟ್ ಡಯಟ್.

“ಮೆತ್ತಗಿರೋದು ಕೊಡಿ ಅಂದ್ರು. ಮುದ್ದೆಗಿಂತ ಮೆತ್ತಗಿರೋದು ಇನ್ನೇನೈತೆ ಅಣ್ಣ?” ಅಂತ ಆ ಮನೆಯ ಅಕ್ಕ ಕೇಳಿದರು.

ಆಕೆಯ ತಪ್ಪಿಲ್ಲ. ಮುದ್ದೆಯನ್ನು ನಾವು ಅಗಿಯಲ್ಲ, ನುಂಗುತ್ತೇವೆ. ಬೆರಳಿಗೆ ಮೆತ್ತಗೆ ಸಿಗುವ ಅದು ಗಂಟಲಲ್ಲಿ ಅಂಟು ಅಂಟಾದ ಒಂದು ತುಂಡು. ಗಟ್ಟಿಮುಟ್ಟಾದ ಗಂಟಲು ಅದನ್ನು ಒಂದೇ ತಳ್ಳಿಗೆ ಇಳಿಸುತ್ತದೆ. ಲಕ್ವದಿಂದ ನಾಲಿಗೆ, ಗಂಟಲು ಸೋತವರಲ್ಲಿ ಅದು ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಉಸಿರಿನ ದಾರಿ ಕಟ್ಟುತ್ತದೆ. ಅದರ ಜೊತೆಗಿನ ಉಪ್ಪುಸಾರು ನೀರಿನಷ್ಟೇ ತೆಳು, ಗಂಟಲು ಮುಚ್ಚಿಕೊಳ್ಳುವ ಮೊದಲೇ ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ. ಒಂದೇ ತಟ್ಟೆಯಲ್ಲಿ ಎರಡು ಅಪಾಯ, ಎರಡೂ ‘ಸಾಫ್ಟ್’.

ಆದ್ದರಿಂದ ನಮ್ಮ ಮಾತು ನೇರ: ‘ಸಾಫ್ಟ್ ಡಯಟ್’ ಅನ್ನುವುದು ಸಲಹೆಯಲ್ಲ, ಜವಾಬ್ದಾರಿಯನ್ನು ಅಡುಗೆಮನೆಗೆ ದಾಟಿಸುವ ಉಪಾಯ. ಮಾತ್ರೆಯ ಮಿಲಿಗ್ರಾಂ ಬರೆಯುವವರು ‘ಸ್ವಲ್ಪ ಬಿಪಿ ಮಾತ್ರೆ ಕೊಡಿ’ ಅಂತ ಬರೆಯುತ್ತಾರಾ?

ಅಳತೆ ಇಲ್ಲ ಅನ್ನುವ ಹಾಗೂ ಇಲ್ಲ. ಐಡಿಡಿಎಸ್‌ಐ ಎಂಬ ಅಂತಾರಾಷ್ಟ್ರೀಯ ಪಟ್ಟಿ ಇದೆ, 0ಯಿಂದ 7ರವರೆಗೆ ಮಟ್ಟಗಳು. ಕುಡಿಯುವುದಕ್ಕೆ 0ಯಿಂದ 4: 0 ಅಂದರೆ ಬರೀ ನೀರು, 4 ಅಂದರೆ ಲೋಟದಲ್ಲಿ ಕುಡಿಯಲಾಗದೆ ಚಮಚದಲ್ಲೇ ತಿನ್ನಬೇಕಾದಷ್ಟು ಗಟ್ಟಿ. ಊಟಕ್ಕೆ 3ರಿಂದ 7: 4 ಅಂದರೆ ಗಂಟಿಲ್ಲದೆ ನುಣ್ಣಗೆ ಅರೆದದ್ದು, 5 ಅಂದರೆ 4 ಮಿಲಿಮೀಟರ್ ಮೀರದ ಚೂರುಗಳಿರುವ ತೇವದ ಊಟ, 6 ಅಂದರೆ ಒಂದೂವರೆ ಸೆಂಟಿಮೀಟರ್ ಮೀರದ ಮೆತ್ತನೆ ತುಂಡು, 7 ಮಾಮೂಲಿ ಊಟ. ಕುಡಿಯುವುದಕ್ಕೆ ಒಂದು, ಊಟಕ್ಕೆ ಒಂದು, ಹೀಗೆ ಎರಡು ಅಂಕಿ ಬರೆಯಬೇಕು. ಒಂದೇ ಅಂಕಿ ಬರೆದರೆ ಅರ್ಧ ಬರೆದಂತೆ.

ಎರಡನೇ ಸಲ ಸೇರಿಸಿದ ಆಸ್ಪತ್ರೆಯಲ್ಲಿ ನುಂಗುವುದನ್ನು ಪರೀಕ್ಷೆ ಮಾಡುವ ವಾಕ್ ಚಿಕಿತ್ಸಕಿ ಒಬ್ಬರಿದ್ದರು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಓದಿ ಬರುವವರು ಇವರೇ. ಅವರು ಯಜಮಾನರನ್ನು ನೆಟ್ಟಗೆ ಕೂರಿಸಿ, ಚಮಚ ಚಮಚವಾಗಿ ಬೇರೆ ಬೇರೆ ಗಟ್ಟಿಯ ದ್ರವ ಕೊಟ್ಟು, ಪ್ರತಿ ಸಲ ‘ಆ’ ಅನ್ನಿಸಿ ದನಿ ಕೇಳಿದರಂತೆ. ನೀರಿಗೆ ದನಿ ಒದ್ದೆಯಾಯಿತು, ಆದರೆ ಕೆಮ್ಮು ಬರಲಿಲ್ಲ. ಇದನ್ನು ಗಮನಿಸಿ: ಕೆಮ್ಮು ಬರಲಿಲ್ಲ ಅಂದರೆ ಸರಿಯಾಗಿ ನುಂಗಿದರು ಅಂತ ಅರ್ಥವಲ್ಲ. ಲಕ್ವದಲ್ಲಿ ಗಂಟಲಿನ ಸ್ಪರ್ಶವೂ ಹೋಗಿರಬಹುದು, ಆಗ ನೀರು ಸದ್ದಿಲ್ಲದೆ ಒಳಗೆ ಇಳಿಯುತ್ತದೆ. ಕೊನೆಗೆ ಅವರು ಬರೆದುಕೊಟ್ಟದ್ದು: ಕುಡಿಯಲು ಮಟ್ಟ 2, ಊಟ ಮಟ್ಟ 4.

ಮನೆಯಲ್ಲಿ ಮಟ್ಟ 2 ಮಾಡುವುದು ಹೇಗೆ? ಸೂಜಿ ತೆಗೆದ 10 ಮಿಲಿ ಸಿರಿಂಜ್ ಸಾಕು. ಅದರ ಮೇಲಿನ ಗೆರೆ 0ಯಿಂದ 10ರವರೆಗೆ 61.5 ಮಿಲಿಮೀಟರ್ ಇರಬೇಕು, ಎಲ್ಲ ಕಂಪನಿಯದೂ ಹಾಗಿರುವುದಿಲ್ಲ, ಸ್ಕೇಲ್ ಹಿಡಿದು ನೋಡಿ. ಒಳಗಿನ ದಂಡ ತೆಗೆದು, ಕೆಳಗೆ ಬೆರಳು ಒತ್ತಿ 10ರವರೆಗೆ ಗಂಜಿ ತುಂಬಿಸಿ, ಬೆರಳು ಬಿಟ್ಟು ಹತ್ತು ಸೆಕೆಂಡಿಗೆ ಮತ್ತೆ ಒತ್ತಿ. 1ರಿಂದ 4 ಮಿಲಿ ಉಳಿದರೆ ಮಟ್ಟ 1, 4ರಿಂದ 8 ಉಳಿದರೆ ಮಟ್ಟ 2, 8ಕ್ಕಿಂತ ಹೆಚ್ಚು ಉಳಿದರೆ ಮಟ್ಟ 3. ಒಂದು ಹನಿಯೂ ಇಳಿಯದಿದ್ದರೆ ಮಟ್ಟ 4 ಇರಬಹುದು, ಅದನ್ನು ಚಮಚದಲ್ಲಿ ನೋಡಬೇಕು.

ಆ ಮನೆಯಲ್ಲೇ ನಾವು ರಾಗಿ ಗಂಜಿ ಹಿಡಿದು ನೋಡಿದೆವು. ಒಲೆಯಿಂದ ಇಳಿಸಿ ಸ್ವಲ್ಪ ಆರಿದಾಗ 3 ಮಿಲಿ ಉಳಿಯಿತು, ಅಂದರೆ ಮಟ್ಟ 1. ಪೂರ್ತಿ ತಣ್ಣಗಾದ ಮೇಲೆ ಅದೇ ಗಂಜಿ 7 ಮಿಲಿ ಉಳಿಯಿತು, ಮಟ್ಟ 2. ಹಿಟ್ಟು ಅದೇ, ನೀರು ಅದೇ. ಹಾಗಾಗಿ ಕುಡಿಸುವ ಹೊತ್ತಿನ ಬಿಸಿಯಲ್ಲೇ ಅಳೆಯಬೇಕು. ಗಂಟಿದ್ದರೆ ಸಿರಿಂಜಿನ ಬಾಯಿ ಕಟ್ಟಿ ಸುಳ್ಳು ಲೆಕ್ಕ ಬರುತ್ತದೆ, ಬಟ್ಟೆಯಲ್ಲಿ ಸೋಸಿಕೊಳ್ಳಿ. ಇನ್ನೊಂದು ಮೋಸ ಎಂಜಲಿನದು. ಎಂಜಲು ಹಿಟ್ಟಿನ ಗಟ್ಟಿಯನ್ನು ಕರಗಿಸುತ್ತದೆ. ಬಾಯಿಗಿಟ್ಟ ಚಮಚವನ್ನು ಮತ್ತೆ ಬಟ್ಟಲಿಗೆ ಅದ್ದುತ್ತಿದ್ದರೆ ಮಟ್ಟ 2 ಇದ್ದದ್ದು ಕೊನೆಯ ಹೊತ್ತಿಗೆ ನೀರಾಗಿರುತ್ತದೆ. ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಬಗ್ಗಿಸಿಕೊಳ್ಳಿ.

ಊಟದ ಮಟ್ಟ 4ಕ್ಕೆ ಚಮಚವೇ ಪರೀಕ್ಷೆ. ಚಮಚದಲ್ಲಿ ಆಕಾರ ಹಿಡಿದು ನಿಲ್ಲಬೇಕು, ಓರೆ ಮಾಡಿದರೆ ಇಡಿಯಾಗಿ ಜಾರಿ ಬೀಳಬೇಕು, ಚಮಚಕ್ಕೆ ಹೆಚ್ಚೇನೂ ಅಂಟಬಾರದು. ಮುದ್ದೆ ಇಲ್ಲಿ ಫೇಲು, ಅಂಟಿಕೊಳ್ಳುತ್ತದೆ. ಮಗುವಿಗೆ ಮಾಡುವ ರಾಗಿ ಸರಿಯನ್ನು ತುಪ್ಪ ಹಾಕಿ ಹದ ಮಾಡಿದರೆ ಪಾಸಾಗಬಹುದು. ಅನ್ನ ಸಾರು ಕಲಸಿದ್ದೂ ಫೇಲು, ಅಗುಳು ಬೇರೆ, ತಿಳಿ ಬೇರೆ. ಹಾಲಲ್ಲಿ ನೆನೆಸಿದ ಇಡ್ಲಿಯಿಂದ ಹಾಲು ಸೋರುತ್ತಿದ್ದರೆ ಅದೂ ಅಷ್ಟೇ.

ಸಿರಿಂಜ್ ಅಳೆಯುವುದು ಗಂಜಿಯನ್ನು, ರೋಗಿಯನ್ನಲ್ಲ. ಯಾವ ಮಟ್ಟ ಬೇಕು ಅನ್ನುವುದನ್ನು ರೋಗಿಯನ್ನು ಪರೀಕ್ಷೆ ಮಾಡಿದವರೇ ಹೇಳಬೇಕು. ‘ಗಟ್ಟಿ ಇದ್ದಷ್ಟೂ ಒಳ್ಳೆಯದು’ ಅನ್ನುವುದೂ ತಪ್ಪು. ಅತಿ ಗಟ್ಟಿಯಾದದ್ದು ಸೋತ ಗಂಟಲಲ್ಲಿ ಉಳಿದು ಆಮೇಲೆ ಜಾರುತ್ತದೆ. ಗಟ್ಟಿ ದ್ರವ ಬೇಸರವಾಗಿ ಜನ ಕುಡಿಯುವುದನ್ನೇ ಬಿಡುತ್ತಾರೆ, ಮೂತ್ರ ಕಡಿಮೆಯಾಗಿ ಕಡು ಹಳದಿಯಾಗುತ್ತದೆ. ಗಟ್ಟಿ ಮಾಡಿದರೆ ನ್ಯುಮೋನಿಯಾ ಖಂಡಿತ ತಪ್ಪುತ್ತದೆ ಅಂತಲೂ ಯಾರೂ ಭರವಸೆ ಕೊಡಲಾರರು. ಅದಕ್ಕೇ ಮರುಪರೀಕ್ಷೆಯ ತಾರೀಕು ಬೇಕು. ಈ ಯಜಮಾನರಿಗೆ ಮೂರು ವಾರ ಬಿಟ್ಟು ನೋಡಿ ಊಟ ಮಟ್ಟ 5ಕ್ಕೆ ಏರಿಸಿದರು. ತಾರೀಕು ಬರೆಯದಿದ್ದರೆ ಅವರು ಇಂದಿಗೂ ಅರೆದದ್ದೇ ತಿನ್ನುತ್ತಿದ್ದರು.

ಡಾಕ್ಟರಿಗೆ ಹೊತ್ತಿಲ್ಲ, ತಾಲ್ಲೂಕಿನಲ್ಲಿ ವಾಕ್ ಚಿಕಿತ್ಸಕರು ಎಲ್ಲಿದ್ದಾರೆ ಅಂತ ಕೇಳುತ್ತೀರಿ. ಪರೀಕ್ಷೆ ಮಾಡಿದ್ದರೆ ಎರಡು ಅಂಕಿ ಬರೆಯಲು ಅರ್ಧ ನಿಮಿಷ ಸಾಕು. ಮಾಡಿಲ್ಲದಿದ್ದರೆ ‘ನುಂಗುವ ಪರೀಕ್ಷೆ ಆಗಿಲ್ಲ’ ಅಂತ ಬರೆಯಿರಿ. ಆಗ ಮನೆಯವರು ಊಟ ಕೊಡುವ ಮೊದಲು ಎಲ್ಲಿ ಪರೀಕ್ಷೆ ಮಾಡಿಸಬೇಕು ಅಂತ ನಿಮ್ಮನ್ನೇ ಕೇಳುತ್ತಾರೆ. ‘ಸಾಫ್ಟ್ ಡಯಟ್’ ಆ ಪ್ರಶ್ನೆಯನ್ನೇ ಹುಟ್ಟದಂತೆ ಮಾಡುತ್ತದೆ. ನಮ್ಮ ಸಿಟ್ಟು ಇರುವುದು ಅಲ್ಲಿ.

ಚೀಟಿಯಲ್ಲಿ ಕನ್ನಡದಲ್ಲಿ ಇಷ್ಟು ಇರಲಿ: ಕುಡಿಯಲು ಮಟ್ಟ ಎಷ್ಟು, ಊಟದ ಮಟ್ಟ ಎಷ್ಟು. ಯಾರು ಯಾವತ್ತು ಪರೀಕ್ಷೆ ಮಾಡಿದರು. ಹೇಗೆ ಕೂರಿಸಿ, ಎಷ್ಟೆಷ್ಟು ಕೊಡಬೇಕು, ಮಾತ್ರೆ ಹೇಗೆ ಕೊಡಬೇಕು. ದನಿ ಒದ್ದೆಯಾದರೆ, ಜ್ವರ ಬಂದರೆ ಎಲ್ಲಿಗೆ ಹೋಗಬೇಕು. ಮತ್ತೆ ಯಾವತ್ತು ನೋಡುತ್ತೀರಿ.

ಇಷ್ಟು ಬರೆಯದ ಚೀಟಿ ಕೈಗೆ ಕೊಟ್ಟರೆ, ಗಾಡಿ ಹತ್ತುವ ಮೊದಲು ವಾಪಸ್ ಕೊಟ್ಟು ಕೇಳಿ: “ಮಟ್ಟ ಎಷ್ಟು ಸಾರ್, ಬರೆದುಕೊಡಿ.”